ಕಳ್ಳ-ಪೊಲೀಸ್ ಒಗಟು: ಒಬ್ಬನೇ ಪೊಲೀಸ್ ಸಾಕೇ, ಸಾಲದೇ?

ಚೌಕಳಿ ರಸ್ತೆಗಳ ಒಂದು ಚಿತ್ರ. ಒಂದು ತುದಿಯಲ್ಲಿ ಪೊಲೀಸ್, ಇನ್ನೊಂದು ಕಡೆ ಕಳ್ಳ. "ಎಷ್ಟು ಹೆಜ್ಜೆಯಲ್ಲಿ ಹಿಡಿಯಬಹುದು? ಬುದ್ಧಿವಂತರು ಮಾತ್ರ ಉತ್ತರಿಸಿ" ಎಂಬ ಸಾಲು. ಇಂಥ ಒಗಟು ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಕೆಳಗೆ ಒಬ್ಬರು 6 ಅನ್ನುತ್ತಾರೆ, ಇನ್ನೊಬ್ಬರು 9 ಅನ್ನುತ್ತಾರೆ, ಜಗಳ ಶುರು. ಆಟದ ನಿಯಮವನ್ನು ಪೂರ್ತಿ ಹೇಳಿದ್ದಾರೆಯೇ ಎಂದು ಮಾತ್ರ ಯಾರೂ ನೋಡುವುದಿಲ್ಲ. ಒಂದೇ ಒಂದು ನಿಯಮ ಬದಲಾದರೆ ಇದರ ಉತ್ತರ "ಎಂದಿಗೂ ಸಾಧ್ಯವಿಲ್ಲ" ಎಂದಾಗಬಹುದು.

ಗಣಿತದಲ್ಲಿ ಈ ಆಟದ ಮೇಲೆ ಸುಮಾರು ಐದು ದಶಕಗಳಿಂದ ಕೆಲಸ ನಡೆದಿದೆ. ಆಡುವ ಜಾಗವನ್ನು ಗ್ರಾಫ್ ಎನ್ನುತ್ತಾರೆ. ಶಾಲೆಯಲ್ಲಿ ಬಿಡಿಸುವ ಏರಿಳಿತದ ಗ್ರಾಫ್ ಅಲ್ಲ. ಇಲ್ಲಿ ಗ್ರಾಫ್ ಎಂದರೆ ಕೆಲವು ಚುಕ್ಕೆಗಳು, ಅವನ್ನು ಜೋಡಿಸುವ ಗೆರೆಗಳು, ಅಷ್ಟೇ. ಚುಕ್ಕೆಯನ್ನು ಮನೆ ಎಂದುಕೊಳ್ಳಿ, ಗೆರೆಯನ್ನು ದಾರಿ ಎಂದುಕೊಳ್ಳಿ. ಯಾವ ಮನೆಯಿಂದ ಯಾವ ಮನೆಗಾದರೂ ಹೇಗೋ ಹೋಗಲು ಆಗಬೇಕು.

ಮೊದಲು ಪೊಲೀಸ್ ಒಂದು ಮನೆ ಆರಿಸಿಕೊಳ್ಳುತ್ತಾನೆ. ಅದನ್ನು ನೋಡಿಕೊಂಡು ಕಳ್ಳ ತನ್ನ ಮನೆ ಆರಿಸುತ್ತಾನೆ. ಆಮೇಲೆ ಸರದಿಯಂತೆ ಪೊಲೀಸ್ ಒಂದು ಸಲ, ಕಳ್ಳ ಒಂದು ಸಲ. ತನ್ನ ಸರದಿಯಲ್ಲಿ ಯಾರು ಬೇಕಾದರೂ ಪಕ್ಕದ ಮನೆಗೆ ಹೋಗಬಹುದು, ಇಲ್ಲವೇ ಇದ್ದಲ್ಲೇ ಇರಬಹುದು. ಇಬ್ಬರಿಗೂ ಒಬ್ಬರಿಗೊಬ್ಬರು ಸದಾ ಕಾಣುತ್ತಾರೆ. ಕಳ್ಳನಿರುವ ಮನೆಗೆ ಪೊಲೀಸ್ ಕಾಲಿಟ್ಟರೆ ಆಟ ಮುಗಿಯಿತು.

ವರ್ತುಲವಾಗಿ ಜೋಡಿಸಿದ ನಾಲ್ಕು ಮನೆ ತೆಗೆದುಕೊಳ್ಳಿ. ಕಳ್ಳ ಪೊಲೀಸಿನ ಎದುರು ಮನೆಯಲ್ಲಿ ನಿಂತು, ಅವನು ಒಂದು ಹೆಜ್ಜೆ ಇಟ್ಟಾಗ ತಾನೂ ಅದೇ ದಿಕ್ಕಿಗೆ ಒಂದು ಹೆಜ್ಜೆ ಇಟ್ಟರೆ ಸಾಕು, ಎಂದಿಗೂ ಸಿಕ್ಕುವುದಿಲ್ಲ. ಮರದ ಕೊಂಬೆಗಳಂತೆ ಕವಲೊಡೆದು ಎಲ್ಲೂ ಸುತ್ತಿ ಬರದ ದಾರಿಗಳಲ್ಲಿ ಮಾತ್ರ ಕಳ್ಳ ಯಾವುದೋ ತುದಿಗೆ ಸಿಕ್ಕಿಬೀಳಲೇಬೇಕು. ಇದನ್ನು ನೋಡಿದರೆ "ಸುತ್ತುದಾರಿ ಇದ್ದರೆ ಕಳ್ಳ ಗೆದ್ದ" ಅನಿಸುತ್ತದೆ. ಹಲವರು ಇಲ್ಲೇ ನಿಲ್ಲುತ್ತಾರೆ, ಆದರೆ ಇದು ತಪ್ಪು.

ತಪ್ಪು ಯಾಕೆ ಎಂದು ತಿಳಿಯಲು ಚದುರಂಗದ ಹಾಸು ಸಾಕು. 64 ಮನೆ. ಮೊದಲ ಆಟದಲ್ಲಿ ಇಬ್ಬರೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾತ್ರ ಒಂದು ಮನೆ ಸಾಗಬಹುದು. ಎರಡನೇ ಆಟದಲ್ಲಿ ಚದುರಂಗದ ರಾಜನಂತೆ ಓರೆಯಾಗಿಯೂ ಒಂದು ಮನೆ ಹೋಗಬಹುದು. ಎರಡರಲ್ಲೂ ಸುತ್ತುದಾರಿಗಳು ಲೆಕ್ಕವಿಲ್ಲದಷ್ಟಿವೆ. ಹಾಗಿದ್ದೂ ಮೊದಲ ಆಟದಲ್ಲಿ ಕಳ್ಳ ಎಂದೆಂದಿಗೂ ತಪ್ಪಿಸಿಕೊಳ್ಳಬಲ್ಲ, ಎರಡನೆಯದರಲ್ಲಿ ಒಬ್ಬನೇ ಪೊಲೀಸ್ ಖಂಡಿತ ಹಿಡಿಯುತ್ತಾನೆ.

ಕಾರಣ ತಿಳಿಯಲು ಕೊನೆಯ ಕ್ಷಣವನ್ನು ನೋಡಿ. ಕಳ್ಳನ ಸರದಿ, ಆದರೆ ಎಲ್ಲಿಗೆ ಹೋದರೂ, ಸುಮ್ಮನೆ ನಿಂತರೂ, ಮುಂದಿನ ಹೆಜ್ಜೆಯಲ್ಲಿ ಪೊಲೀಸ್ ಕೈಗೆ ಸಿಗುತ್ತಾನೆ. ಅಂದರೆ ಕಳ್ಳ ನಿಂತ ಮನೆಯನ್ನೂ ಅದರ ಅಕ್ಕಪಕ್ಕದ ಎಲ್ಲ ಮನೆಗಳನ್ನೂ ಪೊಲೀಸ್ ನಿಂತ ಒಂದೇ ಮನೆ ಕಾಯುತ್ತಿದೆ. ಹೀಗೆ ಬೇರೊಂದು ಮನೆಯಿಂದ ಪೂರ್ತಿ ಕಾಯಲು ಆಗುವ ಮನೆಯನ್ನು "ಬೋನು" ಎಂದು ಕರೆಯೋಣ. ಬೋನೇ ಇಲ್ಲದ ಗ್ರಾಫಿನಲ್ಲಿ ಒಬ್ಬ ಪೊಲೀಸ್ ಗೆಲ್ಲಲಾರ. ಅವನು ಪಕ್ಕಕ್ಕೆ ಬಂದಾಗಲೆಲ್ಲ ಅವನು ಕಾಯದ ಮನೆಯೊಂದು ಕಳ್ಳನ ಪಕ್ಕದಲ್ಲಿ ಇದ್ದೇ ಇರುತ್ತದೆ. ಪಕ್ಕಕ್ಕೆ ಬರದಿದ್ದರೆ ಕಳ್ಳ ಕಾಲು ಚಾಚಿ ಕೂರಬಹುದು.

ಮೊದಲ ಆಟದಲ್ಲಿ ಹಾಸಿನ ಮೂಲೆಯೂ ಬೋನಲ್ಲ. ಮೂಲೆಯಲ್ಲಿ ಕಳ್ಳ, ಅವನಿಂದ ಓರೆಯಾಗಿರುವ ಮನೆಯಲ್ಲಿ ಪೊಲೀಸ್ ಎಂದುಕೊಳ್ಳಿ. ಕಳ್ಳನ ಎರಡೂ ದಾರಿಗಳನ್ನು ಪೊಲೀಸ್ ಕಾಯುತ್ತಿದ್ದಾನೆ, ಆದರೆ ಮೂಲೆಯನ್ನೇ ಮುಟ್ಟಲಾರ. ಕಳ್ಳ ಅಲ್ಲಾಡದೆ ಕೂರುತ್ತಾನೆ. ಪೊಲೀಸ್ ಪಕ್ಕಕ್ಕೆ ಬಂದರೆ ಇನ್ನೊಂದು ಬದಿಯಿಂದ ಜಾರುತ್ತಾನೆ. ಫಾರ್ವರ್ಡ್ ಒಗಟುಗಳ ಜಗಳದ ಬೇರು ಇಲ್ಲಿದೆ. "ಪ್ರತಿ ಸರದಿಯಲ್ಲೂ ಕಡ್ಡಾಯವಾಗಿ ನಡೆಯಬೇಕು" ಎಂದು ನಿಯಮವಿದ್ದರೆ ಇದೇ ಸ್ಥಿತಿಯಲ್ಲಿ ಕಳ್ಳ ಸೋತ. ಸುಮ್ಮನಿರಲು ಬಿಟ್ಟರೆ ಗೆದ್ದ.

ಎರಡನೇ ಆಟಕ್ಕೆ ಬನ್ನಿ. ಎಡಗಡೆಯ ಕೆಳಮೂಲೆಗೆ ಈಗ ಮೂರು ನೆರೆಮನೆ. ಅದರ ಓರೆಯ ಮನೆ ಮೂಲೆಯನ್ನೂ ಉಳಿದೆರಡು ನೆರೆಮನೆಗಳನ್ನೂ ಮುಟ್ಟುತ್ತದೆ. ಹಾಗಾಗಿ ಮೂಲೆ ಬೋನು. ಅದನ್ನು ಹಾಸಿನಿಂದ ಅಳಿಸಿಬಿಡಿ. ಈಗ ಅದರ ಮೇಲಿನ ಮನೆ ನೋಡಿ: ಅದರ ಉಳಿದ ನೆರೆಮನೆಗಳನ್ನೆಲ್ಲ ಅದರ ಬಲಕ್ಕಿರುವ ಮನೆ ಕಾಯುತ್ತದೆ. ಅದೂ ಬೋನು, ಅದನ್ನೂ ಅಳಿಸಿ. ಹೀಗೆ ಎಡ ಅಂಚಿನ ಎಂಟೂ ಮನೆ ಹೋಗುತ್ತವೆ. ಆಮೇಲೆ ಎರಡನೇ ಸಾಲು, ಮೂರನೇ ಸಾಲು. ಕೊನೆಗೆ ಬಲ ಅಂಚಿನ ಒಂದೇ ಸಾಲು ಉಳಿಯುತ್ತದೆ, ಅದನ್ನು ತುದಿಯಿಂದ ಅಳಿಸುತ್ತಾ ಬಂದರೆ ಒಂದೇ ಮನೆ.

ಪರೀಕ್ಷೆ ಇಷ್ಟೇ. ಬೋನುಗಳನ್ನು ಒಂದೊಂದಾಗಿ ಅಳಿಸುತ್ತಾ ಒಂದೇ ಮನೆಗೆ ಬಂದು ನಿಂತರೆ ಒಬ್ಬ ಪೊಲೀಸ್ ಸಾಕು. ನಡುವೆ ಬೋನಿಲ್ಲದೆ ಸಿಕ್ಕಿಕೊಂಡರೆ ಸಾಲದು. ಯಾವ ಬೋನನ್ನು ಮೊದಲು ಅಳಿಸಿದರೂ ತೀರ್ಪು ಬದಲಾಗುವುದಿಲ್ಲ. ಫ್ರಾನ್ಸಿನ ಕಿಲಿಯೋ 1978ರಲ್ಲಿ, ನೊವಾಕೋವ್‌ಸ್ಕಿ ಮತ್ತು ವಿಂಕ್ಲರ್ 1983ರಲ್ಲಿ, ಬೇರೆ ಬೇರೆಯಾಗಿ ಇದನ್ನು ಸಾಧಿಸಿದರು.

ಅಳಿಸುವುದಕ್ಕೂ ಹಿಡಿಯುವುದಕ್ಕೂ ಏನು ನಂಟು? ಅಳಿಸಿದ ಬೋನಿಗೆ ಕಳ್ಳ ಹೋದರೆ, ಅವನು ಅದನ್ನು ಕಾಯುವ ಮನೆಯಲ್ಲಿ ಇದ್ದಾನೆಂದು ಪೊಲೀಸ್ ಭಾವಿಸಿಕೊಳ್ಳುತ್ತಾನೆ, ಅಲ್ಲಿ ಅವನ ನೆರಳಿದೆ ಅನ್ನಿ. ಕಾಯುವ ಮನೆ ಬೋನಿನ ಎಲ್ಲ ನೆರೆಮನೆಗಳನ್ನೂ ಮುಟ್ಟುವುದರಿಂದ ನೆರಳೂ ನಿಯಮದಂತೆಯೇ ಓಡುತ್ತದೆ. ಪೊಲೀಸ್ ಚಿಕ್ಕ ಹಾಸಿನಲ್ಲಿ ಆ ನೆರಳನ್ನು ಹಿಡಿಯುತ್ತಾನೆ. ಆಗ ಕಳ್ಳ ಅಲ್ಲೇ ಸಿಕ್ಕಿರುತ್ತಾನೆ, ಇಲ್ಲವೇ ಬೋನಿನಲ್ಲಿದ್ದು ಪೊಲೀಸ್ ಕಾಯುವ ಮನೆಯಲ್ಲಿರುತ್ತಾನೆ. ಮುಂದಿನ ಹೆಜ್ಜೆಗೆ ಕಥೆ ಮುಗಿಯಿತು.

ಇದನ್ನು ಓದಿ ನಿಜವಾದ ನಗರದ ಪೊಲೀಸ್ ವ್ಯವಸ್ಥೆಗೆ ಅನ್ವಯಿಸಬೇಡಿ. ಇಲ್ಲಿ ಇಬ್ಬರ ವೇಗ ಒಂದೇ, ಕತ್ತಲಿಲ್ಲ, ಅಡಗುತಾಣವಿಲ್ಲ.

ಹಾಗಾದರೆ ಒಬ್ಬ ಸಾಲದಿದ್ದಾಗ ಎಷ್ಟು ಜನ ಬೇಕು? ಗೆರೆಗಳು ಒಂದನ್ನೊಂದು ದಾಟದಂತೆ ಕಾಗದದ ಮೇಲೆ ಬಿಡಿಸಬಹುದಾದ ಯಾವುದೇ ಗ್ರಾಫಿಗೆ, ಅದು ಎಷ್ಟೇ ದೊಡ್ಡದಿರಲಿ, ಮೂವರು ಸಾಕು ಎಂದು ಐಗ್ನರ್ ಮತ್ತು ಫ್ರೊಮ್ಮೆ 1984ರಲ್ಲಿ ತೋರಿಸಿದರು. ಇಬ್ಬರು ಯಾವಾಗಲೂ ಸಾಲುವುದಿಲ್ಲ. ಹನ್ನೆರಡು ಪಂಚಕೋನಗಳಿಂದಾದ ಘನವಸ್ತುವಿನ 20 ಮೂಲೆಗಳನ್ನು ಮನೆಗಳೆಂದುಕೊಳ್ಳಿ, ಅಂಚುಗಳನ್ನು ದಾರಿಗಳೆಂದುಕೊಳ್ಳಿ. ಪ್ರತಿ ಮನೆಗೂ ಮೂರು ದಾರಿ. ಅಲ್ಲಿ ಐದಕ್ಕಿಂತ ಚಿಕ್ಕ ಸುತ್ತು ಇಲ್ಲವಾದ್ದರಿಂದ ಒಬ್ಬ ಪೊಲೀಸ್ ಕಳ್ಳನ ಒಂದೇ ನೆರೆಮನೆಯನ್ನು ಕಾಯಬಲ್ಲ. ಇಬ್ಬರು ಎರಡನ್ನು ಕಾಯುತ್ತಾರೆ, ಮೂರನೆಯ ದಾರಿಯಿಂದ ಕಳ್ಳ ಪ್ರತಿ ಸಲವೂ ಪಾರಾಗುತ್ತಾನೆ.