ಇಲ್ಲವೆಂದು ಬರೆಯುವ ಕಾಗದ

ಹಿಂದೆ ನಮ್ಮಲ್ಲಿ ಓದಿದ ಹುಡುಗನೊಬ್ಬನು ಈಗ ಮೈಸೂರಿನಲ್ಲಿ ರೇಷ್ಮೆ ಸೀರೆಗಳ ಅಂಗಡಿಯನ್ನಿಟ್ಟಿರುವನು. ಮೊನ್ನೆ ಅವನು ಒಂದು ಕಾಗದದ ನಕಲನ್ನು ತಂದು, "ಮೇಷ್ಟ್ರೇ, ಇದರಲ್ಲಿ ತಪ್ಪೇನಿದೆ?" ಎಂದು ಕೇಳಿದನು.

ಹಾಸನದ ಗೃಹಿಣಿಯೊಬ್ಬರು ಮಗಳ ನಿಶ್ಚಿತಾರ್ಥಕ್ಕಾಗಿ ಮೇ 2ರಂದು ಅವನಲ್ಲಿ ಎರಡು ಸೀರೆಗಳನ್ನು ಕೊಂಡಿದ್ದರು. ಅಷ್ಟರಲ್ಲಿ ಸಂಬಂಧವೇ ಮುರಿದುಬಿತ್ತು. ಹತ್ತನೆಯ ದಿನ ಆಕೆ, ಎರಡನ್ನೂ ಹಿಂದಿರುಗಿಸುವೆವು, ಹಣವನ್ನು ಕೊಡಿರೆಂದು ಬರೆದರು. ಒಂದರಿಂದ ರವಿಕೆಯ ಕಣವನ್ನು ಕತ್ತರಿಸಿಯಾಗಿತ್ತು. ಇನ್ನೊಂದರ ಮಡಿಕೆಯನ್ನೂ ಬಿಚ್ಚಿರಲಿಲ್ಲ. ರಸೀದಿಯಲ್ಲಿ ಅಚ್ಚಾದ ನಿಯಮವಿಷ್ಟು: ಹಣವನ್ನು ಹಿಂದಕ್ಕೆ ಕೊಡುವುದಿಲ್ಲ; ಕತ್ತರಿಸದ ಸೀರೆಯನ್ನು 15 ದಿನಗಳೊಳಗೆ ತಂದರೆ ಬದಲಾಯಿಸಿಕೊಡಲಾಗುವುದು.

ನಮ್ಮ ಶಿಷ್ಯನು ಮೃದುಹೃದಯಿ. ಎರಡು ಪುಟಗಳಷ್ಟು ಮರುಗಿ, ಕೊನೆಯಲ್ಲಿ "ಸದ್ಯಕ್ಕೆ ಕಷ್ಟವಾಗಬಹುದು, ನೋಡೋಣ" ಎಂದಿದ್ದನು. ಆಕೆ ಅದನ್ನು ಅರ್ಧ ಒಪ್ಪಿಗೆಯೆಂದೇ ತಿಳಿದು, ಮೇ 22ರಂದು ಬಸ್ಸು ಹಿಡಿದು ಬಂದರು. ಆ ಹೊತ್ತಿಗೆ ಎರಡನೆಯ ಸೀರೆಯ ಗಡುವೂ ಮೀರಿತ್ತು. ಅಂಗಡಿಯಲ್ಲಿ ಕಣ್ಣೀರು, ಕೂಗಾಟ ಎರಡೂ ಆದವಂತೆ.

ತಪ್ಪಿದ್ದುದು ಆ "ನೋಡೋಣ" ಎಂಬಲ್ಲಿ. ನಿರಾಕರಣೆಯು ಕಾಗದದ ಎರಡನೆಯ ವಾಕ್ಯದಲ್ಲಿಯೇ ಬರಬೇಕು. ಮರುಕಕ್ಕೆ ಒಂದು ವಾಕ್ಯ ಸಾಕು. ಅದಕ್ಕೂ ಮೊದಲು ಇನ್ನೊಂದನ್ನು ನೋಡಬೇಕು: ನಿರಾಕರಿಸುವ ಹಕ್ಕು ನಮಗಿದೆಯೇ? ಸೀರೆಯಲ್ಲಿಯೇ ದೋಷವಿದ್ದರೆ ರಸೀದಿಯ "ಹಣ ವಾಪಸಿಲ್ಲ" ಎಂಬ ಸಾಲು ಅಂಗಡಿಯವನನ್ನು ಕಾಯುವುದಿಲ್ಲ. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು, ರಸೀದಿಯ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರವೆಂದೇ ಎಣಿಸುತ್ತದೆ. ಇಲ್ಲಿ ದೋಷವಿರಲಿಲ್ಲ. ಆದುದರಿಂದ ಮೇ 12ರಂದು ಹೀಗೆ ಬರೆಯಬಹುದಾಗಿತ್ತೆಂದು ನಾವೇ ಬರೆದುಕೊಟ್ಟೆವು:

"ಮಾನ್ಯರೇ, ತಮ್ಮ ಮನೆಯ ಶುಭಕಾರ್ಯವು ನಿಂತುಹೋದುದನ್ನು ತಿಳಿದು ವ್ಯಥೆಯಾಯಿತು. ಆದರೆ ಎರಡು ಸೀರೆಗಳ ಹಣವನ್ನೂ ಹಿಂದಿರುಗಿಸಲಾರೆನು. ಈ ನಿಯಮವು ತಮ್ಮ ರಸೀದಿಯ ಮೇಲೆಯೇ ಇದೆ. ಕಣವನ್ನು ಕತ್ತರಿಸಿದ ಸೀರೆಯನ್ನು ಹೊಸದೆಂದು ಮತ್ತೊಬ್ಬರಿಗೆ ಮಾರುವಂತಿಲ್ಲವಾದುದರಿಂದ ಅದನ್ನು ಬದಲಾಯಿಸಲೂ ಆಗದು. ಇನ್ನೊಂದು ಸೀರೆಯನ್ನು ಮೇ 17ರ ಸಂಜೆಯೊಳಗೆ ರಸೀದಿಯೊಡನೆ ತಂದರೆ, ಅಥವಾ ಯಾರ ಕೈಯಲ್ಲಾದರೂ ಕಳುಹಿಸಿದರೆ, ಅದೇ ಬೆಲೆಗೆ ತಮಗೆ ಬೇಕಾದುದನ್ನು ಕೊಡುವೆನು. ನೇಯ್ಗೆಯಲ್ಲೇನಾದರೂ ದೋಷ ಕಂಡಿದ್ದರೆ ದಯವಿಟ್ಟು ತಿಳಿಸಿರಿ. ಆಗ ಮಾತು ಬೇರೆ."

"ನಿಯಮ ನನ್ನ ಕೈಯಲ್ಲಿಲ್ಲ ಎಂದು ಸೇರಿಸಲೇ?" ಎಂದನು. ಅಂಗಡಿ ಅವನದು, ನಿಯಮವೂ ಅವನದೇ, ಬೇಡವೆಂದೆವು.

"ಈಗ ಆ ತಾಯಿಗೇನು ಹೇಳಲಿ?" ಎಂದು ಕೇಳಿದನು. ಗಡುವು ಮೀರಿದುದು ಅವನ ಕಾಗದದ ದೆಸೆಯಿಂದ. ಎರಡನೆಯ ಸೀರೆಯನ್ನು ಬದಲಾಯಿಸಿಕೊಡೆಂದೂ, ಮೊದಲನೆಯದಕ್ಕೆ ಇಲ್ಲವೆಂದೇ ಬರೆಯೆಂದೂ ಹೇಳಿದೆವು. ಹಾಗೆಯೇ ಮಾಡಿದನು. ಆಕೆ ತಿಳಿನೀಲಿಯ ಸೀರೆಯೊಂದನ್ನು ಆರಿಸಿಕೊಂಡು ಹೋದರಂತೆ.