ಆ ಸಾಲನ್ನು ಹೊಡೆದುಹಾಕಿ

ರೀಲ್ಸ್‌ಗೆ ಸ್ಕ್ರಿಪ್ಟ್ ಬರೆಯುವ ಗೆಳೆಯರೇ, ಕ್ಯಾಮೆರಾ ಮುಂದೆ ನಿಂತು ಅದನ್ನು ಓದುವ ತಂಗಿಯರೇ, ಜೀವನ್ ಬಿಮಾ ನಗರದಿಂದ ಇಂದಿರಾನಗರದವರೆಗೆ ಜಿಮ್ಮು, ಪಾರ್ಲರು, ತೂಕ ಇಳಿಸುವ ಕೇಂದ್ರ ಇಟ್ಟುಕೊಂಡಿರುವ ಅಣ್ಣಂದಿರೇ, ಈ ಮಾತು ನಿಮಗೆ. ಜಾಹೀರಾತನ್ನು ಬೂಸ್ಟ್ ಮಾಡಲು ದುಡ್ಡು ಕಟ್ಟುವ ಮೊದಲು ಸ್ಕ್ರಿಪ್ಟನ್ನು ಒಮ್ಮೆ ಸಾಲು ಸಾಲಾಗಿ ಓದಿ. ಅಕ್ಷರದೋಷ ಹುಡುಕುವುದಕ್ಕಲ್ಲ, ಅದು ಯಾರ ಮೈಮೇಲೆ ಹೋಗಿ ಬೀಳುತ್ತದೆ ಎಂದು ನೋಡುವುದಕ್ಕೆ.

ಊರಲ್ಲಿ ಓಡಾಡುವ ಇಂಥ ಸ್ಕ್ರಿಪ್ಟುಗಳ ಅಚ್ಚಿನಲ್ಲೇ ಒಂದು ಮಾದರಿ ಬರೆಯುತ್ತೇನೆ. ಅಂಗಡಿಯ ಹೆಸರು ಬೇಡ. ಅರ್ಧ ನಿಮಿಷದ ರೀಲು: “ನಿಮಗೆ ಶುಗರ್ ಇದೆಯಾ? ಹೊಟ್ಟೆ ನೋಡ್ಕೊಂಡು ನಾಚಿಕೆ ಆಗ್ತಿದೆಯಾ? ಇವರನ್ನ ನೋಡಿ, ಮೂವತ್ತು ದಿನದಲ್ಲಿ ಹನ್ನೆರಡು ಕೆಜಿ! ನಮ್ಮ ಪುಡಿ ಕುಡೀರಿ, ಮಾತ್ರೆ ಬಿಡಿ, ಶುಗರ್ ಬುಡಸಮೇತ ಹೋಗತ್ತೆ. ಹೊಸದಾಗಿ ಬಂದಿರೋ ತೂಕದ ಇಂಜೆಕ್ಷನ್ನೂ ನಮ್ಮಲ್ಲಿ ಸಿಗತ್ತೆ. ನೂರಕ್ಕೆ ನೂರು ಗ್ಯಾರಂಟಿ.” ನಡುವೆ ಎಡಕ್ಕೊಂದು ಬಲಕ್ಕೊಂದು ಫೋಟೊ.

ಮೊದಲ ಎರಡು ಪ್ರಶ್ನೆಗಳಲ್ಲೇ ಇದು ಬಿದ್ದುಹೋಗುತ್ತದೆ. ನೋಡುವವನಿಗೆ ಇಂಥ ಕಾಯಿಲೆ ಇದೆ ಎಂದು ಅವನ ಮುಖಕ್ಕೇ ಹೇಳುವಂಥ ಜಾಹೀರಾತನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಒಪ್ಪುವುದಿಲ್ಲ. ನೋಡುವವನಿಗೆ ತನ್ನ ದೇಹದ ಬಗ್ಗೆ ಕೀಳರಿಮೆ ಹುಟ್ಟಿಸಿ ತೂಕದ ಸಾಮಾನು ಮಾರುವುದನ್ನೂ ಒಪ್ಪುವುದಿಲ್ಲ. ತೂಕ ಇಳಿಸುವ ಸರಕಿನ ಜಾಹೀರಾತು ಹದಿನೆಂಟು ತುಂಬದವರಿಗೆ ತೋರಬಾರದು ಎಂಬ ನಿಯಮವೂ ಇದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ರಾತ್ರಿ ಫೋನು ಹಿಡಿದು ನಿಮ್ಮ ರೀಲು ನೋಡಿ ಮರುದಿನ ತಿಂಡಿ ಬಿಟ್ಟರೆ, ಅದು ನಿಮ್ಮ ಕಿವಿಗೆ ಬೀಳುವುದಿಲ್ಲ. ನಿಮಗೆ ಕಾಣುವುದು ವ್ಯೂಸ್ ಮಾತ್ರ.

ಇನ್ನು ಆ ಜೋಡಿ ಫೋಟೊ. ಈ ದಂಧೆಯ ಬಂಡವಾಳವೇ ಅದು, ಆದ್ದರಿಂದ ಸ್ವಲ್ಪ ನಿಂತು ನೋಡೋಣ. “ಮೊದಲು” ಎಂಬ ಚಿತ್ರ ತೆಗೆಯುವುದು ಸಂಜೆ, ಊಟವಾದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಹೊಟ್ಟೆ ಸಡಿಲ ಬಿಟ್ಟು, ಬಿಗಿ ಬಟ್ಟೆ ಹಾಕಿಸಿ, ಮುಖ ಸಪ್ಪೆ ಮಾಡಿಸಿ. “ನಂತರ” ಎಂಬುದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಿಟಕಿಯ ಪಕ್ಕದ ಬೆಳಕಲ್ಲಿ, ಉಸಿರು ಎಳೆದುಕೊಂಡು, ನಗಿಸಿ. ಒಂದೇ ದಿನದಲ್ಲಿ ಎರಡನ್ನೂ ತೆಗೆಯಬಹುದು. ತಕ್ಕಡಿಯೂ ಮೋಸ ಮಾಡುತ್ತದೆ. ಅನ್ನ, ಉಪ್ಪು ಕಡಿಮೆ ಮಾಡಿದ ಮೊದಲ ವಾರದಲ್ಲಿ ಇಳಿಯುವುದು ಬಹುಪಾಲು ಮೈಯೊಳಗಿನ ನೀರು. ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುವಾಗ ಜೊತೆಗಿದ್ದ ನೀರೂ ಹೋಗುತ್ತದೆ. ನಾಲ್ಕು ದಿನ ಸರಿಯಾಗಿ ಉಂಡರೆ ಮರಳಿ ಬರುತ್ತದೆ. ಆ ಮೊದಲ ವಾರದ ಲೆಕ್ಕವನ್ನೇ ಎಳೆದು ತಿಂಗಳಿಗೆ ಹನ್ನೆರಡು ಕೆಜಿ ಅನ್ನುತ್ತಾರೆ.

“ನಮ್ಮ ಫೋಟೊ ನಿಜವಾದದ್ದೇ ಸಾರ್” ಎನ್ನುವವರಿದ್ದಾರೆ. ಇರಬಹುದು. ಹಾಗಾದರೆ ತೆಗೆದ ತಾರೀಕು ಎಲ್ಲಿ? ಒಂದೇ ಜಾಗ, ಒಂದೇ ಬೆಳಕು, ಒಂದೇ ಬಟ್ಟೆ ಇದೆಯೇ? ಫೋಟೊದಲ್ಲಿರುವವರು ಬರೆದುಕೊಟ್ಟ ಒಪ್ಪಿಗೆ ಇದೆಯೇ? ಅವರ ಜೊತೆ ಸೇರಿದ ಉಳಿದವರಿಗೆ ಏನಾಯಿತು? ಪುಡಿ ಕುಡಿದೂ ತೂಕ ಇಳಿಯದವರ ಫೋಟೊವನ್ನು ಯಾರೂ ಹಾಕುವುದಿಲ್ಲ. ಒಬ್ಬರಿಗೆ ಆದದ್ದನ್ನು ಎಲ್ಲರಿಗೂ ಆಗುತ್ತದೆ ಎಂದು ತೋರಿಸುವಾಗ ನಿಜವಾದ ಫೋಟೊವೂ ಸುಳ್ಳು ಹೇಳುತ್ತದೆ. ಮೆಟಾ ನಿಯಮಗಳು ತೂಕದ ಜಾಹೀರಾತಿನ “ಮೊದಲು-ನಂತರ” ಚಿತ್ರಗಳನ್ನೂ ನಂಬಲಾಗದ ಫಲಿತಾಂಶಗಳನ್ನೂ ವರ್ಷಗಳಿಂದ ದೂರ ಇಟ್ಟಿರುವುದು ಇದಕ್ಕೇ. ಈ ನಿಯಮಗಳ ಮಾತು ಆಗಾಗ ಬದಲಾಗುತ್ತದೆ. ಹೋದ ವರ್ಷದ ಸ್ಕ್ರೀನ್‌ಶಾಟ್ ನೆಚ್ಚಬೇಡಿ, ಜಾಹೀರಾತು ಹಾಕುವ ದಿನವೇ ಪುಟ ತೆರೆದು ಓದಿ.

ನಾಲ್ಕನೆಯ ಸಾಲಿಗೆ ಬಂದೆ. “ಮಾತ್ರೆ ಬಿಡಿ, ಶುಗರ್ ಬುಡಸಮೇತ ಹೋಗತ್ತೆ.” ಇಲ್ಲಿ ಪ್ರಶ್ನೆ ಮೆಟಾದ್ದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಐವತ್ತನಾಲ್ಕು ಕಾಯಿಲೆಗಳ ಪಟ್ಟಿ ಕೊಟ್ಟು, ಇವನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನೇ ನಿಷೇಧಿಸಿದೆ. ಮಧುಮೇಹವೂ ಬೊಜ್ಜೂ ಆ ಪಟ್ಟಿಯಲ್ಲಿವೆ. ಮೊದಲ ತಪ್ಪಿಗೇ ಆರು ತಿಂಗಳವರೆಗೆ ಜೈಲಾಗಬಹುದು. ಗೆಳೆಯರೇ, ಅದರ ಮೂರನೆಯ ಕಲಮನ್ನು ಓದಿ ನೋಡಿ. ಇಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ಪಾಲನ್ನೂ ತೆಗೆದುಕೊಳ್ಳಬಾರದು ಎನ್ನುತ್ತದೆ ಅದು. “ನಾನು ಬರೆದುಕೊಟ್ಟೆ ಅಷ್ಟೆ” ಎಂದು ಕೈತೊಳೆದುಕೊಳ್ಳುವ ಮುಂಚೆ ಆ ಮಾತನ್ನು ಎರಡು ಸಲ ಓದಿ. ಪತಂಜಲಿ ಜಾಹೀರಾತುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮೇ 7ರಂದು ಹೇಳಿದ್ದೂ ನೆನಪಿರಲಿ: ಸುಳ್ಳು ಜಾಹೀರಾತಿಗೆ ಮುಖ ಕೊಡುವ ತಾರೆಯರೂ ಇನ್‌ಫ್ಲುಯೆನ್ಸರ್‌ಗಳೂ ಸಮಾನ ಹೊಣೆಗಾರರು.

ಕಾನೂನು ಬಿಡಿ. ಇನ್ಸುಲಿನ್ ತೆಗೆದುಕೊಳ್ಳುವ ಟೈಪ್ ಒಂದರ ಮಗು ನಿಮ್ಮ ಮಾತು ನಂಬಿದ ಮನೆಯವರಿಂದಾಗಿ ಅದನ್ನು ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ರಕ್ತ ಆಮ್ಲಮಯವಾಗಿ ಐಸಿಯು ಸೇರುತ್ತದೆ. ಮಾತ್ರೆ ಬಿಟ್ಟ ಅಜ್ಜನಿಗೆ ಅಂಥ ಗಲಾಟೆ ತಕ್ಷಣ ಆಗದಿರಬಹುದು. ಸಕ್ಕರೆ ಸದ್ದಿಲ್ಲದೆ ಏರುತ್ತದೆ, ಕಣ್ಣು, ಕಿಡ್ನಿ ಸವೆಯುತ್ತವೆ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ನಿಮ್ಮ ರೀಲು ಅಷ್ಟರಲ್ಲಿ ಡಿಲೀಟ್ ಆಗಿರುತ್ತದೆ.

ಇಂಜೆಕ್ಷನ್ನಿನ ಸಾಲಿಗೆ ಹೆಚ್ಚು ಮಾತು ಬೇಡ. 2025ರಲ್ಲಿ ಮೌಂಜಾರೊ, ವೆಗೊವಿ ಭಾರತಕ್ಕೆ ಬಂದ ಮೇಲೆ ಆಸೆ ಕೆರಳಿದೆ. ಅವು ಡಾಕ್ಟರ ಚೀಟಿಯಿಲ್ಲದೆ ಕೊಡಬಾರದ ಔಷಧಗಳು. ಪಾರ್ಲರಿನ ಮೆನುವಿನಲ್ಲಿ ಅವಕ್ಕೆ ಜಾಗವಿಲ್ಲ. ಇಂಥ ಔಷಧದ ಹೆಸರು ಹಿಡಿದು ಇಲ್ಲಿನ ಜನರಿಗೆ ಜಾಹೀರಾತು ಕೊಡಲು ಗೂಗಲ್ ಬಿಡುವುದಿಲ್ಲ. ಸ್ಕ್ರಿಪ್ಟಿನಲ್ಲಿ ಹೆಸರು ತೆಗೆದು, ಕ್ಲಿಕ್ ಮಾಡಿದರೆ ತೆರೆಯುವ ಪುಟದಲ್ಲಿ ಇಟ್ಟರೂ ಸಿಕ್ಕಿಬೀಳುತ್ತೀರಿ. ಪರಿಶೀಲನೆಯಲ್ಲಿ ಆ ಪುಟವನ್ನೂ ನೋಡುತ್ತಾರೆ.

ಆದರೆ ನನಗೆ ನಿಜವಾಗಿ ಕೋಪ ಬರುವುದು ತಿರಸ್ಕೃತವಾದ ಮೇಲೆ ನಡೆಯುವ ಕೆಲಸಕ್ಕೆ. ಜಾಹೀರಾತು ರಿಜೆಕ್ಟ್ ಆಯಿತು ಎಂದರೆ ಮಾತು ತಪ್ಪಿದೆ ಎಂದು ಯಾರೂ ತಿಳಿಯುವುದಿಲ್ಲ, ಮಿಷನ್ನಿಗೆ ಸಿಕ್ಕಿಬಿದ್ದೆವಲ್ಲ ಎಂದು ಪೇಚಾಡುತ್ತಾರೆ. “ಶುಗರ್” ನಡುವೆ ಚುಕ್ಕಿ ಇಡುತ್ತಾರೆ. “ಕನ್ನಡದಲ್ಲಿ ಬರೆದರೆ ಅವರಿಗೆಲ್ಲಿ ತಿಳಿಯತ್ತೆ” ಎನ್ನುತ್ತಾರೆ. ಕನ್ನಡಿಗರಿಗೆ ಸುಳ್ಳು ಹೇಳಲು ಕನ್ನಡವೇ ಮರೆಯಾಯಿತೇ? ಹೀಗೆ ಕಣ್ತಪ್ಪಿಸುವುದು ಮೆಟಾದ ಲೆಕ್ಕದಲ್ಲಿ ಬೇರೆಯದೇ ಅಪರಾಧ, ಅಕೌಂಟೇ ಹೋಗಬಹುದು. ಇನ್ನು ಕೆಲವರು ಜಾಹೀರಾತೇ ಬೇಡವೆಂದು ಅದೇ ಜೋಡಿ ಫೋಟೊವನ್ನು ಯಾರೋ ಹುಡುಗಿಯ ಪೇಜಿನಲ್ಲಿ ಸ್ವಂತ ಅನುಭವದಂತೆ ಹಾಕಿಸುತ್ತಾರೆ. ದುಡ್ಡು ಕೊಟ್ಟಿದ್ದರೆ ಅದೂ ಜಾಹೀರಾತೇ. ಅದನ್ನು ಹೇಳದೆ ಮುಚ್ಚಿಟ್ಟು ಜನರ ದಾರಿ ತಪ್ಪಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಆ ಹುಡುಗಿಗೆ ಒಂದು ವರ್ಷದವರೆಗೆ ಪ್ರಚಾರ ಮಾಡದಂತೆ ತಡೆಯೂ ಬರಬಹುದು. ತಾನು ಹೇಳುವುದನ್ನು ಮೊದಲೇ ವಿಚಾರಿಸಿ ಖಚಿತಪಡಿಸಿಕೊಂಡವಳಿಗೆ ಮಾತ್ರ ರಕ್ಷಣೆ ಇದೆ. ತಂಗಿ, ಕಾಗದ ಕೇಳು, ಕೊಡದಿದ್ದರೆ ಎದ್ದು ಬಾ.

ಹಾಗಾದರೆ ಆ ರೀಲಿನಲ್ಲಿ ಉಳಿಯುವುದೇನು? “ಜೀವನ್ ಬಿಮಾ ನಗರದಲ್ಲಿ ನಮ್ಮ ಕೇಂದ್ರ ಇದೆ. ಓದಿ ಪಾಸಾದ ಡಯೆಟಿಷಿಯನ್ ನಿಮ್ಮ ಊಟ, ನಿದ್ದೆ, ಕೆಲಸದ ಪಾಳಿ ಕೇಳಿ ಮೂರು ತಿಂಗಳ ಊಟದ ಪಟ್ಟಿ ಮಾಡಿಕೊಡುತ್ತಾರೆ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ಫೀಸು ಇಷ್ಟು.” ಸಪ್ಪೆ ಅನ್ನಿಸಬಹುದು, ಫೋನೂ ಕಡಿಮೆ ಬರಬಹುದು. ಆದರೆ ಬಂದವರು ಏನು ಸಿಗುತ್ತದೆಂದು ತಿಳಿದೇ ಬಂದಿರುತ್ತಾರೆ.

ಇಂಥ ರೀಲು ಕಂಡ ಓದುಗರೇ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಬರೆಯುವವರೇ, ನಾಳೆ ಶೂಟಿಂಗ್ ಇದೆಯಲ್ಲ, “ಮಾತ್ರೆ ಬಿಡಿ” ಎಂಬ ಸಾಲನ್ನು ಇವತ್ತೇ ಹೊಡೆದುಹಾಕಿ. ಗಿರಾಕಿ ಒಪ್ಪದಿದ್ದರೆ ಅಡ್ವಾನ್ಸ್ ವಾಪಸ್ ಕೊಟ್ಟುಬಿಡಿ.