ರಾತ್ರಿ ಡಬ್ಬಿ ತಗಿಯೋ ಕೈಗೆ ಬೈಬ್ಯಾಡ್ರಿ

ನಮ್ಮ ಓಣ್ಯಾಗ ಯಾರರ ತೆಳ್ಳಗಾದ್ರ ಮೊದಲ ಕೇಳೋ ಮಾತು, "ಏನ ಬಿಟ್ಟೀರಿ?" ಅನ್ನ ಬಿಟ್ಟೀನಿ, ನಾಷ್ಟಾ ಬಿಟ್ಟೀನಿ ಅಂದ್ರ ಭೇಷ್ ಅಂತೀವಿ. ಅದೇ ಹೆಣ್ಮಗಳು ರಾತ್ರಿ ಅಡಗಿಮನ್ಯಾಗ ನಿಂತು ಗಬಗಬ ತಿಂದ್ಲು ಅಂದ್ರ, "ನಾಲಿಗಿ ಮ್ಯಾಲೆ ಹತೋಟಿ ಇಲ್ಲ" ಅಂತೀವಿ. ಈ ಮಾತು ತಪ್ಪು ಅಂತ ಹೇಳಾಕ ಇದನ್ನ ಬರದೀನಿ.

ನಮ್ಮ ವೈನಿ ಕಥಿ ಕೇಳ್ರಿ, ಅವರನ್ನ ಕೇಳೇ ಬರಿಯಾಕತ್ತೀನಿ. ಮುಂಜಾನೆ ಬರೇ ಚಾ. ಮಧ್ಯಾಹ್ನ ಅರ್ಧ ರೊಟ್ಟಿ, ಸೌತಿಕಾಯಿ. ಸಂಜಿಗೆ ಏನೂ ಇಲ್ಲ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಒಂದು ಶೇಂಗಾ ಉಂಡಿ ಬಾಯಿಗೆ ಹೋತು. "ಹೆಂಗೂ ಇವತ್ತು ಕೆಟ್ಟತು, ನಾಳೆಯಿಂದ ಮತ್ತ ಬಿಡೂಣು" ಅಂತ ಉಂಡಿ ಡಬ್ಬಿ, ಚೂಡಾ, ಉಳಿದ ಅನ್ನ, ಎಲ್ಲಾ ಮುಗೀತು. ಮರುದಿನ ಪ್ರಾಯಶ್ಚಿತ್ತ ಅಂತ ಚಾನೂ ಇಲ್ಲ. ರಾತ್ರಿ ಮತ್ತ ಅದೇ ಡಬ್ಬಿ.

ಇಲ್ಲಿ ಎರಡು ಕೆಲಸ ಕೂಡಿ ನಡದಾವ. ದಿನಾ ಪೂರ್ತಿ ಹಸದ ಮೈ ಅನ್ನ ಬೇಡತದ. "ಒಂದು ತಿಂದ್ರೂ ವ್ರತ ಕೆಟ್ಟಂಗ" ಅನ್ನೋ ಮನಸು ಒಂದು ಉಂಡಿಗೆ ನಿಲ್ಲಗೊಡೂದಿಲ್ಲ. 1945ರಾಗ ಅಮೆರಿಕಾದ ಮಿನೆಸೋಟಾದಾಗ ಆನ್ಸೆಲ್ ಕೀಸ್ ಅನ್ನೋರು 36 ಗಟ್ಟಿಮುಟ್ಟ ಹುಡುಗರಿಗೆ ಸುಮಾರು ಆರು ತಿಂಗಳು ಅರೆಹೊಟ್ಟಿ ಊಟ ಕೊಟ್ಟು ನೋಡಿದ್ರು. ಅವರಿಗೆ ಹಗಲು ರಾತ್ರಿ ಊಟದ್ದೇ ಮಾತು. ಕೆಲವರು ಅಡಗಿ ಪುಸ್ತಕ ಓದಾಕ ಹತ್ತಿದ್ರು. ಊಟ ಬಿಚ್ಚಿ ಕೊಟ್ಟ ಮ್ಯಾಲೆ ಕೆಲವರು ಹೊಟ್ಟಿ ಬಿರಿಯೋ ಹಂಗ ತಿಂದ್ರೂ ಸಾಕು ಅನ್ನಿಸಲಿಲ್ಲ. ಅವರೆಲ್ಲಾರ ನಾಲಿಗೀನೂ ಕೆಟ್ಟಿತ್ತೇನ್ರಿ?

ವೈನಿಗೆ ಆಪ್ತಸಮಾಲೋಚಕರು ಏನನ್ನೂ ಬಿಡಾಕ ಹೇಳಲಿಲ್ಲ. ಗಡಿಯಾರ ನೋಡಿ ಉಣ್ಣಾಕ ಹೇಳಿದ್ರು: ಎಂಟಕ್ಕ ಉಪ್ಪಿಟ್ಟು, ಹನ್ನೊಂದಕ್ಕ ಒಂದು ಬಾಳೆಹಣ್ಣು, ಒಂದೂವರಿಗೆ ರೊಟ್ಟಿ-ಪಲ್ಯ-ಅನ್ನ, ಐದಕ್ಕ ಚುರಮುರಿ, ಎಂಟೂವರಿಗೆ ಎಲ್ಲಾರ ಜೋಡಿ ಊಟ. ನಡುವ ನಾಲ್ಕು ತಾಸಿಗಿಂತ ಹೆಚ್ಚು ಅಂತರ ಬ್ಯಾಡ. ಹಸಿವು ಆಗಲಿ, ಬಿಡಲಿ, ವ್ಯಾಳ್ಯಾಕ್ಕ ಉಣ್ಣಬೇಕು, ಯಾಕಂದ್ರ ಇಷ್ಟು ದಿನ ತುಳಿದಿಟ್ಟ ಹಸಿವಿನ ಸುಳಿವು ಮೊದಮೊದಲು ಸರಿಯಾಗಿ ಸಿಗೂದಿಲ್ಲ. ಎಲ್ಲಾಕ್ಕಿಂತ ಕಠಿಣ ನಿಯಮ ಇದು: ರಾತ್ರಿ ಅತಿಯಾಗಿ ತಿಂದ್ರೂ ಮರುದಿನ ಮುಂಜಾನಿ ನಾಷ್ಟಾ ತಪ್ಪಿಸಬಾರದು. ಚಕ್ರ ಮುರಿಯೋದು ಅಲ್ಲೇ.

"ಐದು ಸಲ ತಿಂದ್ರ ದಪ್ಪ ಆಗೂದಿಲ್ಲೇನ?" ಅಂತ ನಮ್ಮ ಅತ್ತಿಯವರೇ ಕೇಳಿದ್ರು. ಡಬ್ಬಿ ಖಾಲಿ ಆಗೋದು ಲೆಕ್ಕಕ್ಕಿಲ್ಲೇನ್ರಿ? ಇದು ತೆಳ್ಳಗಾಗೋ ಉಪಾಯ ಅಲ್ಲ, ರಾತ್ರಿ ಅಂಜಿಕಿ ಬಿಡಿಸೋ ಉಪಾಯ. ವೈನಿಗೆ ಒಮ್ಮೆಲೆ ನಿಲ್ಲಲಿಲ್ಲ. ಮೊದಲ ವಾರ ದಿನಾ ಇದ್ದದ್ದು ಆಮ್ಯಾಲೆ ವಾರಕ್ಕೊಮ್ಮೆ ಆತು.

ತಿಂದದ್ದನ್ನ ವಾಂತಿ ಮಾಡಿ ತಗಿಯೋದು, ಭೇದಿ ಗುಳಿಗಿ ತಗೊಳ್ಳೋದು ಇದ್ರ ಮನಿಮದ್ದಿಗೆ ಕೂಡಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ. ಸಕ್ಕರಿ ಕಾಯಿಲೆ ಔಷಧ ನಡದಿದ್ರ ಊಟದ ವ್ಯಾಳ್ಯಾನೂ ಅವರನ್ನ ಕೇಳೇ ಇಟಗೋರಿ.

ಇನ್ನ ಮ್ಯಾಲೆ ಯಾರನ್ನರ ನೋಡಿದ್ರ "ಏನ ಬಿಟ್ಟೀರಿ?" ಅನಬ್ಯಾಡ್ರಿ. "ನಾಷ್ಟಾ ಆತೇನ್ರಿ?" ಅಂತ ಕೇಳ್ರಿ.